ಕಾರ್ಡು ಬೇರೆ, ನಂಬರು ಬೇರೆ

ಹೊಸ ಸಿಮ್ ಹಾಕಿದ ಮೇಲೆ ಫೋನು ಸುಮ್ಮನೆ ಕೂತರೆ ನಾವೆಲ್ಲ ಒಂದೇ ಮಾತು ಹೇಳುತ್ತೇವೆ: "ಟವರ್ ಇಲ್ಲ." ಆದರೆ ಫೋನು ಎಲ್ಲ ಸಲವೂ ಒಂದೇ ಮಾತು ಹೇಳುವುದಿಲ್ಲ. ಒಮ್ಮೆ No SIM card ಎನ್ನುತ್ತದೆ, ಒಮ್ಮೆ No service ಎನ್ನುತ್ತದೆ, ಇನ್ನೊಮ್ಮೆ SIM not provisioned MM#2 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರೂ ಒಂದೇ ತೊಂದರೆ. ನಿಜದಲ್ಲಿ ಅವು ಮೂರು ಬೇರೆ ಬೇರೆ ಜಾಗದಲ್ಲಿ ಮಾತು ನಿಂತುಹೋದ ಗುರುತು. ಮೊದಲನೆಯದರಲ್ಲಿ ಫೋನಿಗೆ ಕಾರ್ಡೇ ಕಾಣುತ್ತಿಲ್ಲ. ಎರಡನೆಯದರಲ್ಲಿ ಕಾರ್ಡು ಕಂಡಿದೆ, ಆದರೆ ಸೇರಿಸಿಕೊಳ್ಳುವ ನೆಟ್‌ವರ್ಕ್ ಸಿಕ್ಕಿಲ್ಲ. ಮೂರನೆಯದರಲ್ಲಿ ಫೋನು ಕಾರ್ಡನ್ನು ಓದಿದೆ, ಟವರಿನ ಜೊತೆ ಮಾತಾಡಿದೆ, ಉತ್ತರವನ್ನೂ ಪಡೆದಿದೆ. ಆ ಉತ್ತರ "ಬೇಡ" ಎಂದು. ಜೊತೆಗೆ ಬೇಡ ಎನ್ನುವುದಕ್ಕೆ ಕಾರಣವೂ ಬಂದಿದೆ. ಆ ಕಾರಣವೇ ಕೊನೆಯಲ್ಲಿರುವ 2.

ನಾನು ಹಿಂದೆ ಕೆಲವು ವರ್ಷ ಟೆಲಿಕಾಂ ಸಂಸ್ಥೆಯೊಂದರ ನೆಟ್‌ವರ್ಕ್ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಮನೆ. ಈಚೆಗೆ ನಮ್ಮ ಮನೆಯಲ್ಲೇ ಈ ಎರಡನೇ ನಂಬರಿನ ಪ್ರಸಂಗ ನಡೆಯಿತು. ಅದನ್ನು ಹೇಳುವ ಮೊದಲು ಒಂದು ಸಂಗತಿ ಬಿಡಿಸಿಕೊಂಡರೆ ಉಳಿದದ್ದು ಸುಲಭ.

ನಿಮ್ಮ ಫೋನ್ ನಂಬರು ಸಿಮ್ ಕಾರ್ಡಿನಲ್ಲಿ ಇಲ್ಲ. ಕಾರ್ಡಿನಲ್ಲಿರುವುದು ಮುಖ್ಯವಾಗಿ ಎರಡು ವಸ್ತು. ಒಂದು, ಐಎಂಎಸ್‌ಐ ಎಂಬ 15 ಅಂಕಿಯ ಗುರುತು. ಇನ್ನೊಂದು, ಹೊರಗೆ ಯಾರಿಗೂ ಕಾಣದ ಒಂದು ಗುಪ್ತ ಕೀಲಿ. ಈ ಗುರುತು ಯಾವ ಫೋನ್ ನಂಬರಿಗೆ ಸೇರಿದ್ದು ಎಂಬುದು ಕಂಪನಿಯ ಕೇಂದ್ರ ದಾಖಲೆಯಲ್ಲಿ ಇರುತ್ತದೆ. ಅದಕ್ಕೆ ಎಚ್‌ಎಲ್‌ಆರ್ ಎನ್ನುತ್ತಾರೆ. ದೊಡ್ಡ ಹಾಜರಿ ಪುಸ್ತಕ ಎಂದುಕೊಳ್ಳಿ. ಸಿಮ್ ಕಳೆದಾಗ ಅದೇ ನಂಬರಿಗೆ ಹೊಸ ಕಾರ್ಡು ಕೊಡುತ್ತಾರಲ್ಲ, ಆಗ ಕಾರ್ಡಿಗೆ ಏನನ್ನೂ ಬರೆಯುವುದಿಲ್ಲ. ಪುಸ್ತಕದಲ್ಲಿ ಆ ನಂಬರಿನ ಮುಂದೆ ಇದ್ದ ಹಳೆಯ ಗುರುತನ್ನು ಹೊಡೆದುಹಾಕಿ ಹೊಸ ಗುರುತು ಬರೆಯುತ್ತಾರೆ, ಅಷ್ಟೇ. ಆ ಕ್ಷಣದಿಂದ ಹಳೆಯ ಕಾರ್ಡು ಪ್ಲಾಸ್ಟಿಕ್ ಚೂರು, ಹೊಸದಕ್ಕೆ ಜೀವ.

ಐಎಂಎಸ್‌ಐಯ ಮೊದಲ ಅಂಕಿಗಳು ಕಾರ್ಡು ಯಾವ ದೇಶದ್ದು, ಯಾವ ಕಂಪನಿಯದು, ಯಾವ ವಲಯದ್ದು ಎಂದು ಹೇಳುತ್ತವೆ. 404 ಮತ್ತು 405 ಭಾರತದವು. ಉದಾಹರಣೆಗೆ ಏರ್‌ಟೆಲ್‌ನಲ್ಲಿ 40445 ಎಂದರೆ ಕರ್ನಾಟಕ, 40449 ಎಂದರೆ ಆಂಧ್ರ ಪ್ರದೇಶ. ಬಿಎಸ್‌ಎನ್‌ಎಲ್‌ನಲ್ಲಿ ಕರ್ನಾಟಕದ್ದು 40471, ಆಂಧ್ರದ್ದು 40473. ತೆಲಂಗಾಣ 2014ರ ಜೂನ್ 2ರಂದು ಬೇರೆ ರಾಜ್ಯವಾಯಿತು, ಆದರೆ ಟೆಲಿಕಾಂ ಪರವಾನಗಿಯ ನಕ್ಷೆಯಲ್ಲಿ ಹೈದರಾಬಾದ್ ಈಗಲೂ ಆಂಧ್ರ ಪ್ರದೇಶ ವಲಯದಲ್ಲೇ ಇದೆ. ಬೀದರ್ ಕರ್ನಾಟಕ ವಲಯಕ್ಕೆ ಸೇರಿದ್ದು. ಬೀದರಿನಲ್ಲಿ ತೆಗೆದುಕೊಂಡ ಕಾರ್ಡನ್ನು ಹೈದರಾಬಾದಿನಲ್ಲಿ ಹಾಕಿದರೆ ಇಲ್ಲಿನ ನೆಟ್‌ವರ್ಕ್ ಮೊದಲ ಅಂಕಿಗಳನ್ನು ನೋಡಿ, ಇದು ಕರ್ನಾಟಕದ ಕಾರ್ಡು ಎಂದು ತಿಳಿದು, ಅಲ್ಲಿನ ಪುಸ್ತಕವನ್ನು ಕೇಳುತ್ತದೆ: ಈ ಗುರುತಿನವರು ನಿಮ್ಮವರೇ? ಅಲ್ಲಿಂದ "ಹೌದು" ಎಂದು ಬಂದರೆ ಗುಪ್ತ ಕೀಲಿಯ ಪರೀಕ್ಷೆ ನಡೆದು ಸೇವೆ ಶುರುವಾಗುತ್ತದೆ. "ಇಂಥ ಗುರುತು ನಮ್ಮ ಪುಸ್ತಕದಲ್ಲಿ ಇಲ್ಲ" ಎಂದು ಬಂದರೆ ಫೋನಿಗೆ ಕಾರಣ ಸಂಖ್ಯೆ 2 ಬರುತ್ತದೆ. SIM not provisioned MM#2 ಎಂಬುದರ ಪೂರ್ತಿ ಅರ್ಥ ಇಷ್ಟೇ.

ಈಗ ನಮ್ಮ ಮನೆಯ ಪ್ರಸಂಗ. ಅಕ್ಕನ ಮಗ ಹೈದರಾಬಾದಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ನಂಬರು ಬೀದರಿನದು. ಹಬ್ಬಕ್ಕೆ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವನ ಫೋನು ಕಳುವಾಯಿತು. ಅವನು ಮೊದಲು ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿದ, ಆಮೇಲೆ ಪೊಲೀಸರಿಗೆ ದೂರು ಕೊಟ್ಟ. ಸೋಮವಾರ ಸಂಜೆ ಬೀದರಿನ ಒಂದು ಅಂಗಡಿಯಲ್ಲಿ ಆಧಾರ್ ತೋರಿಸಿ, ಫೋಟೊ ಕೊಟ್ಟು ಅದೇ ನಂಬರಿನ ಹೊಸ ಕಾರ್ಡು ಪಡೆದ. ಆರು ಗಂಟೆಯ ಸುಮಾರಿಗೆ ಅಕ್ಕನ ಫೋನಿಗೆ "ಸಿಮ್ ಬದಲಾವಣೆ ಪೂರ್ಣಗೊಂಡಿದೆ" ಎಂಬ ಸಂದೇಶ ಬಂತು. ಅವನ ಕೈಯಲ್ಲಿ ಫೋನೇ ಇರಲಿಲ್ಲವಾದ್ದರಿಂದ ಕಾರ್ಡನ್ನು ಹಾಕಿ ನೋಡುವ ಮಾತೇ ಬರಲಿಲ್ಲ. ಮಂಗಳವಾರ ಬೆಳಗಿನ ಬಸ್ಸು ಹತ್ತಿ ಹೈದರಾಬಾದಿಗೆ ಬಂದ. ಮಧ್ಯಾಹ್ನ ಅಬಿಡ್ಸಿನ ಜಗದೀಶ್ ಮಾರ್ಕೆಟ್ಟಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೋನು ಕೊಂಡ. ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಕೂತು ಸಿಮ್ ಹಾಕಿದ.

"ಮಾಮಾ, ಏನೋ ಇಂಗ್ಲಿಷಿನಾಗ ಬರದದ. ಟವರ್ ಬರವಲ್ದು," ಎಂದ.

ಅವನಿಗೆ ಇದು ಬರೀ ಫೋನಿನ ತೊಂದರೆಯಾಗಿರಲಿಲ್ಲ. ಹೊಸ ಫೋನಿನಲ್ಲಿ ಕೆಲಸದ ಆ್ಯಪ್ ತೆರೆಯಬೇಕಾದರೆ ಆ ನಂಬರಿಗೆ ಓಟಿಪಿ ಬರಬೇಕು. ಓಟಿಪಿ ಇಲ್ಲದಿದ್ದರೆ ಲಾಗಿನ್ ಇಲ್ಲ, ಲಾಗಿನ್ ಇಲ್ಲದಿದ್ದರೆ ಆ ದಿನದ ದುಡಿಮೆ ಇಲ್ಲ. ಊರಿಗೆ ಹೋಗಿದ್ದರಿಂದ ಆಗಲೇ ನಾಲ್ಕು ದಿನದ ದುಡಿಮೆ ಹೋಗಿತ್ತು.

ಸೆಕೆಂಡ್ ಹ್ಯಾಂಡ್ ಫೋನು ಎಂದ ಕೂಡಲೇ ಮನೆಯಲ್ಲಿ ಎಲ್ಲರ ಅನುಮಾನ ಫೋನಿನ ಮೇಲೆ ಹೋಯಿತು. ಅದು ಹುಸಿ ಅನುಮಾನವೇನಲ್ಲ. ಕಳುವಾದ ಫೋನಿನ ಐಎಂಇಐ ಸಂಖ್ಯೆಯನ್ನು ದೇಶದ ಎಲ್ಲ ಕಂಪನಿಗಳ ಜಾಲದಲ್ಲೂ ತಡೆಯುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ಸಂಚಾರ್ ಸಾಥಿಯ ಮೂಲಕ ಎಲ್ಲರಿಗೂ ಸಿಗುತ್ತಿದೆ. ತೆಲಂಗಾಣ ಪೊಲೀಸರು ಅದನ್ನು ಚೆನ್ನಾಗಿ ಬಳಸುತ್ತಾರೆ. ಯಾರೋ ಕಳೆದುಕೊಂಡ ಫೋನನ್ನು ನೀವು ಗೊತ್ತಿಲ್ಲದೆ ಕೊಂಡಿದ್ದರೆ ಅದರಲ್ಲಿ ಯಾವ ಸಿಮ್ಮೂ ನಡೆಯುವುದಿಲ್ಲ. ಆದರೆ ಹಾಗಾದಾಗ ಬರುವ ಉತ್ತರ ಬೇರೆ. ಕಾರಣ ಸಂಖ್ಯೆ 6 ಬರುತ್ತದೆ, ಪರದೆಯ ಮೇಲೆ Phone not allowed MM#6 ಎಂದಿರುತ್ತದೆ, ಇಲ್ಲವೇ ಬರೀ No service. 6 ಎಂದರೆ ಬೇಡವಾದದ್ದು ಯಂತ್ರ. 2 ಎಂದರೆ ಗೊತ್ತಿಲ್ಲದ್ದು ಕಾರ್ಡು. ನಡುವೆ 3 ಎಂಬುದೊಂದಿದೆ, SIM not allowed MM#3 ಎಂದು ಬರುತ್ತದೆ. ಜಾಲವು ಈ ಕಾರ್ಡನ್ನು ಅಸಲಿ ಎಂದು ಒಪ್ಪಲಿಲ್ಲ ಎಂದು ಅದರ ಅರ್ಥ.

ಸಂಖ್ಯೆ ಸ್ಪಷ್ಟವಾಗಿದ್ದರೂ ಎರಡು ಪರೀಕ್ಷೆ ಮಾಡಿದೆವು. ಎಲ್ಲ ಫೋನುಗಳೂ ಈ ಸಂಖ್ಯೆ ತೋರಿಸುವುದಿಲ್ಲ. 4ಜಿ ಬದಿಯಿಂದ ಇದೇ ನಿರಾಕರಣೆ ಬಂದರೆ ಅದು 8 ಎಂಬ ಬೇರೆ ಸಂಖ್ಯೆಯಲ್ಲಿ ಬರುತ್ತದೆ, ಆಗ ಅನೇಕ ಫೋನುಗಳು ಬರೀ No service ಎಂದು ಸುಮ್ಮನಾಗುತ್ತವೆ. ಅಂಥಲ್ಲಿ ಈ ಪರೀಕ್ಷೆಯೇ ಗತಿ. ನನ್ನ ಸಿಮ್ಮನ್ನು ಅವನ ಫೋನಿಗೆ ಹಾಕಿದೆವು. ಅರ್ಧ ನಿಮಿಷದಲ್ಲಿ ಗೆರೆಗಳು ತುಂಬಿದವು, ಕರೆಯೂ ಹೋಯಿತು. ಅಂದರೆ ಫೋನಿನ ಸಿಮ್ ಜಾಗ, ಆಂಟೆನಾ, ಐಎಂಇಐ ಎಲ್ಲ ಸರಿ. ಅವನ ಸಿಮ್ಮನ್ನು ನನ್ನ ಫೋನಿಗೆ ಹಾಕಿದೆವು. ಅದೇ ನಿರಾಕರಣೆ ಬಂತು. ಅಂದರೆ ತೊಂದರೆ ಕಾರ್ಡಿನ ಜೊತೆಗೇ ಓಡಾಡುತ್ತಿದೆ. ಒಂದೇ ಬದಿಯ ಪರೀಕ್ಷೆ ಸಾಲದು, ಎರಡೂ ಕಡೆ ಅದಲುಬದಲು ಮಾಡಿದರೇ ಗೊತ್ತಾಗುವುದು. ಫೋನು ಕೊಳ್ಳುವ ಮೊದಲೇ ಯಂತ್ರದ ಮೇಲಿನ ಅನುಮಾನ ಕಳೆಯಬೇಕೆಂದರೆ ಇನ್ನೊಂದು ದಾರಿ ಇದೆ. ಆ ಫೋನಿನಲ್ಲಿ `*#06#` ಒತ್ತಿದರೆ ಐಎಂಇಐ ಕಾಣುತ್ತದೆ. `KYM` ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ನಿಮ್ಮ ಫೋನಿನಿಂದ ಎಸ್ಸೆಮ್ಮೆಸ್ ಮಾಡಿ. ಕಪ್ಪುಪಟ್ಟಿಯಲ್ಲಿದೆ, ನಕಲಿ, ಈಗಾಗಲೇ ಬಳಕೆಯಲ್ಲಿದೆ ಎಂಬ ಅರ್ಥದ ಉತ್ತರ ಬಂದರೆ ಆ ಫೋನನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗ ಉಳಿದದ್ದು ಕಾರ್ಡು ಮತ್ತು ಪುಸ್ತಕ. ಹೊಸ ಕಾರ್ಡಿಗೆ 2 ಬಂದರೆ ಬಹುಮಟ್ಟಿಗೆ ಕಾರಣ ಸಾದಾ: ಅಂಗಡಿಯಲ್ಲಿ ಅರ್ಜಿ ಹೋಗಿದೆ, ಪುಸ್ತಕದಲ್ಲಿ ಬರೆಯುವ ಕೆಲಸ ಇನ್ನೂ ಆಗಿಲ್ಲ. ಸಾಮಾನ್ಯವಾಗಿ ಕೆಲವು ಗಂಟೆಯೊಳಗೆ ಆಗಿಬಿಡುತ್ತದೆ. ಹಳೆಯ ಕಾರ್ಡು ನಿಮ್ಮ ಬಳಿಯೇ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಹಳೆಯದು ನಡೆಯುತ್ತಿರುವ ತನಕ ಪುಸ್ತಕ ಬದಲಾಗಿಲ್ಲ, ಹೊಸದಕ್ಕೆ ಕಾಯಬೇಕು. ಹಳೆಯದು ಸತ್ತಿತೆಂದರೆ ಬದಲಾವಣೆ ಆಗಿದೆ, ಹೊಸದನ್ನು ಹಾಕಬಹುದು. ನಮ್ಮಲ್ಲಿ ಹಳೆಯ ಕಾರ್ಡು ಕಳ್ಳನ ಪಾಲಾಗಿತ್ತು. ಅದಲ್ಲದೆ ಬದಲಾವಣೆ ಪೂರ್ಣವಾಗಿದೆ ಎಂಬ ಸಂದೇಶ ಬಂದು 25 ಗಂಟೆ ಕಳೆದಿತ್ತು. ಕಾಯುವುದರಲ್ಲಿ ಅರ್ಥವಿರಲಿಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿದೆವು. ಆ ಕಡೆಯ ಹುಡುಗಿ ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ ನೋಡಿದಳು. "ಸರ್, ನಿಮ್ಮ ಸಿಮ್ ನಿನ್ನೆ ಸಂಜೆಯೇ ಆಕ್ಟಿವ್ ಆಗಿದೆ. ಫೋನ್ ರೀಸ್ಟಾರ್ಟ್ ಮಾಡಿ," ಎಂದಳು. ಇಲ್ಲಿಗೇ ಬಹಳ ಜನ ಕರೆ ಇಡುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ, ಮತ್ತೆ ಕರೆ ಮಾಡುತ್ತಾರೆ, ಮತ್ತೆ ಅದೇ ಉತ್ತರ ಕೇಳುತ್ತಾರೆ. ಸ್ವಲ್ಪ ನಿಂತು ಯೋಚಿಸಿ. ಕಂಪನಿಯ ಪುಸ್ತಕ "ಈ ನಂಬರಿನ ಕಾರ್ಡು ಜೀವಂತ" ಎನ್ನುತ್ತಿದೆ. ಅದೇ ಪುಸ್ತಕ ನಮ್ಮ ಕೈಯಲ್ಲಿರುವ ಕಾರ್ಡನ್ನು ನೋಡಿ "ನನಗೆ ಗೊತ್ತಿಲ್ಲ" ಎನ್ನುತ್ತಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದಾದರೆ ಉಳಿಯುವುದು ಒಂದೇ ಸಾಧ್ಯತೆ: ಪುಸ್ತಕ ಹೇಳುತ್ತಿರುವ ಕಾರ್ಡು, ನಮ್ಮ ಕೈಯಲ್ಲಿರುವ ಕಾರ್ಡು ಅಲ್ಲ.

ಇದನ್ನು ಸಾಬೀತು ಮಾಡುವುದು ಕಷ್ಟವಲ್ಲ. ಪ್ರತಿ ಸಿಮ್ ಕಾರ್ಡಿಗೂ ಐಸಿಸಿಐಡಿ ಎಂಬ ಒಂದು ಕ್ರಮಸಂಖ್ಯೆ ಇರುತ್ತದೆ. 19 ಅಥವಾ 20 ಅಂಕಿ, ಭಾರತದ ಕಾರ್ಡುಗಳಲ್ಲಿ 8991ರಿಂದ ಶುರು. ಕಾರ್ಡಿನ ಮೈಮೇಲೆ ಸಣ್ಣಕ್ಷರದಲ್ಲಿ, ಅದನ್ನು ಮುರಿದು ತೆಗೆದ ದೊಡ್ಡ ಪ್ಲಾಸ್ಟಿಕ್ಕಿನ ಮೇಲೆ, ಫೋನಿನೊಳಗೆ ಸೆಟ್ಟಿಂಗ್ಸ್‌ನ About phone ಭಾಗದಲ್ಲಿ SIM status ಒತ್ತಿದಾಗ ICCID ಎಂಬ ಸಾಲಿನಲ್ಲಿ ಇದು ಕಾಣಸಿಗುತ್ತದೆ. ಅಂಗಡಿಯವರು ಬಾರ್‌ಕೋಡಿನಿಂದ ಓದಿಸುವುದೂ ಇದನ್ನೇ. ನಮ್ಮ ಕಾರ್ಡಿನ ಕೊನೆಯ ನಾಲ್ಕಂಕಿ 4417 ಎಂದೆ. ಅವಳು ನೋಡಿ, ಹೊಂದುತ್ತಿಲ್ಲ, ತನ್ನಲ್ಲಿ ಇರುವುದು 4425ಕ್ಕೆ ಮುಗಿಯುತ್ತದೆ ಎಂದಳು.

ಈ ಎರಡು ಸಂಖ್ಯೆಯೇ ನಡೆದದ್ದನ್ನು ಹೇಳಿಬಿಟ್ಟವು. ಐಸಿಸಿಐಡಿಯ ಕೊನೆಯ ಅಂಕಿ ನಿಜವಾದ ಕ್ರಮಸಂಖ್ಯೆಯಲ್ಲ. ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ತಾಳೆಯ ಅಂಕಿ ಅದು. ಯಾರಾದರೂ ಬೆರಳಚ್ಚಿನಲ್ಲಿ ಒಂದಂಕಿ ತಪ್ಪಿದರೆ ಲೆಕ್ಕ ತಾಳೆಯಾಗುವುದಿಲ್ಲ. ಹಾಗಾಗಿ ಇಂಥಲ್ಲಿ ಒಂದಂಕಿಯ ತಪ್ಪಿಗಿಂತ ಕಾರ್ಡೇ ಅದಲುಬದಲಾಗಿರುವ ಸಂಭವ ಹೆಚ್ಚು. ತಾಳೆಯ ಅಂಕಿಯನ್ನು ಬಿಟ್ಟು ನೋಡಿ: ನಮ್ಮದು 441, ಅವಳದು 442. ಅಕ್ಕಪಕ್ಕದ ಕಾರ್ಡುಗಳು. ಅಂಗಡಿಯ ಮೇಜಿನ ಮೇಲೆ ಎರಡು ಪ್ಯಾಕೆಟ್ ಇದ್ದವು, ಒಂದನ್ನು ಓದಿಸಿ ಇನ್ನೊಂದನ್ನು ಕೈಗೆ ಕೊಟ್ಟಿದ್ದರು. ಅಕ್ಕನಿಂದ ಅಂಗಡಿಯ ನಂಬರು ಪಡೆದು ಕೇಳಿದಾಗ, ಆತ ಡ್ರಾಯರ್ ತೆರೆದು ನೋಡಿ, "ಹೌದ್ರೀ, ಇಲ್ಲೇ ಅದರೀ," ಎಂದ.

ಮುಂದಿನ ದಾರಿ ಎರಡು. ನಮ್ಮ ಕೈಯಲ್ಲಿರುವ ಕಾರ್ಡನ್ನೇ ಆ ನಂಬರಿಗೆ ಹೊಸದಾಗಿ ಜೋಡಿಸುವುದು ಒಂದು. ಡ್ರಾಯರಿನಲ್ಲಿರುವ ಸರಿಯಾದ ಕಾರ್ಡನ್ನು ತರಿಸುವುದು ಇನ್ನೊಂದು. ಮೊದಲನೆಯದು ನೇರವಾಗಿ ಕಾಣುತ್ತದೆ, ಆದರೆ ಅದರಲ್ಲಿ ಒಂದು ತೊಡಕಿದೆ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದನ್ನೂ ಹೋಗುವುದನ್ನೂ ನಿಲ್ಲಿಸಬೇಕು ಎಂದು ದೂರಸಂಪರ್ಕ ಇಲಾಖೆಯ ನಿಯಮವಿದೆ. ಕಳ್ಳರು ಬೇರೆಯವರ ಹೆಸರಿನಲ್ಲಿ ಸಿಮ್ ಬದಲಿಸಿ ಬ್ಯಾಂಕಿನ ಓಟಿಪಿ ಪಡೆದು ಖಾತೆ ಖಾಲಿ ಮಾಡುತ್ತಿದ್ದರು, ಅದಕ್ಕಾಗಿ ಬಂದ ತಡೆ ಇದು. ಹೊಸ ಸಿಮ್ಮಿನಲ್ಲಿ ಕರೆ, ಇಂಟರ್ನೆಟ್ ಎಲ್ಲ ಬಂದು ಓಟಿಪಿ ಮಾತ್ರ ಬರುತ್ತಿಲ್ಲ ಎಂದು ಗಾಬರಿಯಾಗುವವರಿಗೆ ಉತ್ತರವೂ ಇದೇ. ಮತ್ತೊಮ್ಮೆ ಜೋಡಿಸಿದರೆ ಈ 24 ಗಂಟೆಯ ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಅದಕ್ಕಾಗಿ ಅವನು ಮತ್ತೆ ಬೀದರಿಗೆ ಹೋಗಿ ಆಧಾರ್, ಫೋಟೊ ಎಲ್ಲ ಕೊಡಬೇಕಿತ್ತು. ಬುಧವಾರ ಮಧ್ಯಾಹ್ನ ಜೋಡಿಸಿದರೆ ಗುರುವಾರ ಮಧ್ಯಾಹ್ನದವರೆಗೆ ಓಟಿಪಿ ಇಲ್ಲ. ಡ್ರಾಯರಿನ ಕಾರ್ಡಿನ ಲೆಕ್ಕ ಬೇರೆ: ಅದು ಸೋಮವಾರ ಸಂಜೆ ಆರಕ್ಕೆ ಶುರುವಾಗಿ ಮಂಗಳವಾರ ಆರಕ್ಕೆ ಮುಗಿದೇ ಹೋಗಿತ್ತು.

"ಹಂಗಾದ್ರ ಬ್ಯಾರೆ ಕಂಪನಿಗೆ ಪೋರ್ಟ್ ಮಾಡಿಸ್ಲೇನು ಮಾಮಾ?" ಎಂದು ಕೇಳಿದ. ಅದೂ ಆಗದು. ಪೋರ್ಟ್ ಕೋಡಿಗಾಗಿ 1900ಕ್ಕೆ ಎಸ್ಸೆಮ್ಮೆಸ್ ಹೋಗಬೇಕಾದದ್ದು ಅದೇ ನಂಬರಿನಿಂದ. ಅದಲ್ಲದೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಕಳೆದುಹೋದ ಸಿಮ್ಮನ್ನು ಬದಲಿಸಿದ 7 ದಿನದೊಳಗೆ ಪೋರ್ಟ್ ಕೋಡು ಕೊಡುವುದಿಲ್ಲ.

ಹಾಗಾಗಿ ಕಾರ್ಡು ತರಿಸುವುದೆಂದೇ ತೀರ್ಮಾನವಾಯಿತು. ಆದರೆ ಆ ರಾತ್ರಿ ಇನ್ನೊಂದು ಚಿಂತೆ ಇತ್ತು. 24 ಗಂಟೆಯ ತಡೆ ಮುಗಿದ ಮೇಲೆ ಆ ಕಾರ್ಡು ಪೂರ್ತಿ ಜೀವಂತ. ಅದನ್ನು ಯಾವ ಫೋನಿಗೆ ಹಾಕಿದರೂ ಇವನ ನಂಬರಿನ ಕರೆ, ಓಟಿಪಿ ಎಲ್ಲ ಅಲ್ಲಿಗೇ ಹೋಗುತ್ತವೆ. ಅಂಗಡಿಯವನು ಒಳ್ಳೆಯವನೇ ಇರಬಹುದು, ಆದರೆ ಡ್ರಾಯರಿಗೆ ಹತ್ತು ಜನ ಕೈ ಹಾಕುತ್ತಾರೆ. ಆ ಕಾರ್ಡು ಇದುವರೆಗೆ ಯಾವುದಾದರೂ ಫೋನಿನಿಂದ ಜಾಲಕ್ಕೆ ಸೇರಿದೆಯೇ ಎಂದು ಸೇವೆಯ ಹುಡುಗಿಯನ್ನು ಕೇಳಿದೆ. ಇಲ್ಲ, ಒಮ್ಮೆಯೂ ಇಲ್ಲ ಎಂದಳು. ಬ್ಯಾಂಕಿನ ಯುಪಿಐ ಮೊದಲೇ ನಿಂತಿತ್ತು, ಅದನ್ನು ಹಾಗೆಯೇ ಬಿಟ್ಟೆವು. ಅಕ್ಕ ಆ ರಾತ್ರಿಯೇ ಅಂಗಡಿಗೆ ಹೋಗಿ ಪ್ಯಾಕೆಟ್ಟಿನ ಮೇಲಿನ ಕೊನೆಯ ನಾಲ್ಕಂಕಿ 4425 ಇದೆಯೇ ಎಂದು ಓದಿ ನೋಡಿ ಕಾರ್ಡನ್ನು ಮನೆಗೆ ತಂದಳು. ಬುಧವಾರ ಬೆಳಿಗ್ಗೆ ಹೈದರಾಬಾದಿಗೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿದಳು. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಬರುವ ಬಸ್ಸು ನಮ್ಮ ಕಡೆಯಿಂದಲೇ ಹೋಗುತ್ತದೆ. ಬಿಎಚ್‌ಇಎಲ್ ಸ್ಟಾಪಿನಲ್ಲಿ ಹುಡುಗ ಕಾದು ನಿಂತು ಹನ್ನೊಂದಕ್ಕೆ ಕಾರ್ಡು ಪಡೆದ. ಅಲ್ಲೇ ಹಾಕಿದ. ಗೆರೆಗಳು ಬಂದವು, ಐದು ನಿಮಿಷದಲ್ಲಿ ಓಟಿಪಿ ಬಂತು. ರಾತ್ರಿ ಊಟದ ಹೊತ್ತಿನ ಆರ್ಡರುಗಳಿಗೆ ಬೈಕು ರಸ್ತೆಗಿಳಿದಿತ್ತು.

ಇಷ್ಟಾದ ಮೇಲೂ 4417ರ ಕಾರ್ಡು ನಮ್ಮ ಮೇಜಿನ ಮೇಲೆ ಉಳಿದಿತ್ತು. ಅದನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಅಂಗಡಿಯ ಲೆಕ್ಕದಲ್ಲಿ ಅದಿನ್ನೂ ಮಾರಾಟವಾಗದ ಕಾರ್ಡು. ನಾಳೆ ಆ ಸಂಖ್ಯೆಯನ್ನು ಯಾರದೋ ನಂಬರಿಗೆ ಜೋಡಿಸಿದರೆ ನಮ್ಮ ಮೇಜಿನ ಮೇಲಿನ ಕಾರ್ಡು ಆ ಅಪರಿಚಿತರ ಫೋನಾಗಿಬಿಡುತ್ತದೆ. ಅಂಗಡಿಯವನಿಗೆ ಆ ಸಂಖ್ಯೆ ಹೇಳಿ ಲೆಕ್ಕದಿಂದ ತೆಗೆಸಿ, ಕಾರ್ಡಿನ ಚಿನ್ನದ ಬಣ್ಣದ ಭಾಗವನ್ನು ಕತ್ತರಿಯಿಂದ ಎರಡಾಗಿ ಕತ್ತರಿಸಿದೆವು.

ರೀಸ್ಟಾರ್ಟಿನ ಬಗ್ಗೆ ಒಂದು ಮಾತು ಉಳಿದಿದೆ, ಏಕೆಂದರೆ ಎಲ್ಲರೂ ಕೊಡುವ ಸಲಹೆ ಅದೇ. ಅದು ಪೂರ್ತಿ ವ್ಯರ್ಥವಲ್ಲ, ಆದರೆ ಅದಕ್ಕೊಂದು ಹೊತ್ತಿದೆ. 2 ಎಂಬ ಉತ್ತರ ಪಡೆದ ಫೋನು, ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಆ ಕಾರ್ಡು ಕೆಲಸಕ್ಕೆ ಬಾರದ್ದು ಎಂದು ಗುರುತು ಮಾಡಿಕೊಳ್ಳುತ್ತದೆ. ಆ ಗುರುತು ಫೋನು ಆರಿಸುವ ತನಕ ಅಥವಾ ಸಿಮ್ ಹೊರತೆಗೆಯುವ ತನಕ ಉಳಿಯಬಹುದು. ಪುಸ್ತಕ ಸರಿಯಾಗುವ ಮೊದಲು ನೂರು ಸಲ ರೀಸ್ಟಾರ್ಟ್ ಮಾಡಿದರೂ ನೂರು ಸಲ ಅದೇ ಉತ್ತರ. ಪುಸ್ತಕ ಸರಿಯಾದ ಮೇಲೆ ರೀಸ್ಟಾರ್ಟ್ ಮಾಡದೆ ಕೂತರೆ, ಆ ಕಡೆ ಎಲ್ಲ ಸರಿಯಿದ್ದರೂ ಫೋನು ಮತ್ತೆ ಕೇಳಲು ಹೋಗದೇ ಇರಬಹುದು. ಸಿಮ್ ಹಾಕಿ, No service ನೋಡಿ, ರಾತ್ರಿಯೆಲ್ಲ ಹಾಗೇ ಇಟ್ಟು "ಇನ್ನೂ ಬಂದಿಲ್ಲ" ಎಂದು ಬೆಳಿಗ್ಗೆ ಅಂಗಡಿಗೆ ಓಡುವವರಲ್ಲಿ ಕೆಲವರಿಗೆ ಬೇಕಾದದ್ದು ಒಮ್ಮೆ ಫೋನು ಪೂರ್ತಿ ಆರಿಸಿ ಹಚ್ಚುವುದಷ್ಟೇ.

ಬೀದರಿನ ಅಂಗಡಿಯ ಮೇಜಿನ ಬಳಿ ಆದದ್ದು ಯಾವ ಊರಿನ ಯಾವ ಅಂಗಡಿಯಲ್ಲೂ ಆಗಬಹುದು. ಗಿರಾಕಿಗಳು ಸುತ್ತ ನಿಂತಿರುವಾಗ ಒಂದೇ ಬಣ್ಣದ ಎರಡು ಪ್ಯಾಕೆಟ್ ಪಕ್ಕಪಕ್ಕ ಇದ್ದರೆ ಸಾಕು. ಅದನ್ನು ಅಲ್ಲೇ ಹಿಡಿಯಲು ಅರ್ಧ ನಿಮಿಷ ಬೇಕು. ಸಿಮ್ ಬದಲಿಸಿದಾಗ ಕಾರ್ಡು ಕೈಗೆ ಬಂದ ಕೂಡಲೇ ಅಂಗಡಿಯವರನ್ನು ಕೇಳಿ: "ನಿಮ್ಮ ಪರದೆಯ ಮೇಲಿನ ಸಿಮ್ ಸಂಖ್ಯೆಯ ಕೊನೆಯ ನಾಲ್ಕಂಕಿ ಓದಿ." ನೀವು ನಿಮ್ಮ ಕಾರ್ಡಿನ ಮೇಲಿನ ನಾಲ್ಕಂಕಿ ನೋಡಿಕೊಳ್ಳಿ. ಎರಡೂ ಒಂದೇ ಆಗಿದ್ದರೆ ಉಳಿದದ್ದು ಕೆಲವು ಗಂಟೆಯ ಕಾಯುವಿಕೆ. ಕಾರ್ಡು ಇದ್ದ ದೊಡ್ಡ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ. ಫೋನಿಲ್ಲದ ದಿನ ನಿಮ್ಮ ಕಾರ್ಡಿನ ಪೂರ್ತಿ ಸಂಖ್ಯೆ ಓದಲು ಸಿಗುವುದು ಅದರ ಮೇಲೆಯೇ.